367ನೇ ಸದಸ್ಯರ ಹೆಸರಿನಲ್ಲಿ ಕಳೆದುಹೋದ ಒಂದು ಬೈಟ್

ಹಾವೇರಿ ಕಡೆಯ ಒಂದು ಸಹಕಾರ ಸಂಘದ ಸದಸ್ಯರ ಪಟ್ಟಿ ಅದು. ಸಾವಿರದ ನೂರು ಚಿಲ್ಲರೆ ಸಾಲು, ಸಾಲಿಗೊಬ್ಬರು: ಕ್ರಮಸಂಖ್ಯೆ, ಹೆಸರು, ಊರು, ಮನೆ ನಂಬರು, ಷೇರು. ಹಳೆಯ ಕಂಪ್ಯೂಟರಿನಿಂದ ತೆಗೆದ ಆ ಸಿಎಸ್‌ವಿ ಫೈಲನ್ನು ಹೊಸ ವ್ಯವಸ್ಥೆಗೆ ಸೇರಿಸುವ ಕೆಲಸ ನನಗೆ ಬಂದಿತ್ತು. ಫೈಲನ್ನು ಸಾಲು ಸಾಲಾಗಿ ಓದುವ ಪುಟ್ಟ ಪೈಥಾನ್ ಪ್ರೋಗ್ರಾಮ್ ಬರೆದು ಓಡಿಸಿದೆ. 327 ಸಾಲು ಸರಾಗವಾಗಿ ಓದಿತು. ಆಮೇಲೆ ನಿಂತುಬಿಟ್ಟಿತು. ಪರದೆಯ ಮೇಲೆ ಬಂದದ್ದು ಇದು:

```
UnicodeDecodeError: 'utf-8' codec can't decode bytes
in position 3004-3005: invalid continuation byte
```

ಈ ಫೈಲು ಯುಟಿಎಫ್-8 ಎಂದುಕೊಂಡು ಓದುತ್ತಿದ್ದೆ, 3004 ಮತ್ತು 3005ನೇ ಸ್ಥಾನದ ಬೈಟುಗಳು ಅಕ್ಷರವಾಗಲಿಲ್ಲ, ಅಂತ ಅದರ ದೂರು. ಸ್ಥಾನವನ್ನೇ ಹೇಳಿದೆಯಲ್ಲ, ಇನ್ನೇನು ಬೇಕು ಎಂದುಕೊಂಡು ಆ ಜಾಗ ತೆಗೆದು ನೋಡಿದೆ. ಅಲ್ಲಿದ್ದದ್ದು 40ನೇ ಸದಸ್ಯರ ವಿವರ. ಒಂದು ಬೈಟೂ ಅತ್ತಿತ್ತ ಆಗಿರಲಿಲ್ಲ. 327 ಸಾಲು ಮುಗಿದಿದೆ, ಹಾಗಾದರೆ ತಪ್ಪು 328ರಲ್ಲಿರಬೇಕು ಎಂದು ಅದನ್ನೂ ನೋಡಿದೆ. ಅದೂ ಸರಿಯಾಗಿತ್ತು. ದೋಷ ಇದ್ದದ್ದು 368ನೇ ಸಾಲಿನಲ್ಲಿ, ಫೈಲಿನ ಆರಂಭದಿಂದ 27578ನೇ ಬೈಟಿನಲ್ಲಿ. ಪೈಥಾನ್ ಸುಳ್ಳು ಹೇಳಿರಲಿಲ್ಲ. ಅದು ಎಣಿಕೆ ಶುರುಮಾಡಿದ ಜಾಗ ಬೇರೆಯಿತ್ತು, ಅಷ್ಟೇ.

ಇದನ್ನು ಬಿಡಿಸುವ ಮೊದಲು ಕನ್ನಡದ ಅಕ್ಷರ ಫೈಲಿನೊಳಗೆ ಹೇಗೆ ಕೂತಿರುತ್ತದೆ ಎಂದು ನೋಡಬೇಕು. ಫೈಲು ಅಂದರೆ ಬೈಟುಗಳ ಉದ್ದನೆಯ ಸಾಲು. ಒಂದು ಬೈಟು 0ಯಿಂದ 255ರವರೆಗಿನ ಒಂದು ಸಂಖ್ಯೆ. ಅದನ್ನು ಹದಿನಾರರ ಲೆಕ್ಕದಲ್ಲಿ ಎರಡೇ ಅಂಕಿಯಲ್ಲಿ, `00`ಯಿಂದ `FF`ವರೆಗೆ, ಬರೆಯುವುದು ರೂಢಿ. ಇಂಗ್ಲಿಷ್ ಅಕ್ಷರ, ಅಂಕಿ, ಅಲ್ಪವಿರಾಮ, ಖಾಲಿ ಜಾಗ ಇವಕ್ಕೆಲ್ಲ ಯುಟಿಎಫ್-8ರಲ್ಲಿ ಒಂದೊಂದೇ ಬೈಟು ಸಾಕು, ಅವು `7F` ದಾಟುವುದಿಲ್ಲ. ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟು ಬೇಕು. ಮೊದಲನೆಯದು ಯಾವಾಗಲೂ `E0`. ಎರಡನೆಯದು `B2` ಅಥವಾ `B3`. ಮೂರನೆಯದು `80`ರಿಂದ `BF`ವರೆಗೆ ಯಾವುದಾದರೂ ಒಂದು. ‘ಕ’ ಅಂದರೆ `E0 B2 95`, ‘ನ’ ಅಂದರೆ `E0 B2 A8`. ಸಂಕೇತ ಎಂದೆ, ಅಕ್ಷರ ಎನ್ನಲಿಲ್ಲ. ಒತ್ತಕ್ಷರ ಮೂಡಿಸುವ ವಿರಾಮ ಚಿಹ್ನೆ, ಕೊಂಬು, ಗುಡಿಸು, ದೀರ್ಘ, ಇವೆಲ್ಲ ಬೇರೆ ಬೇರೆ ಸಂಕೇತಗಳು, ಒಂದೊಂದಕ್ಕೂ ಮೂರು ಬೈಟು. ‘ಕನ್ನಡ’ ಎಂಬ ಪದ ಕಣ್ಣಿಗೆ ಮೂರಕ್ಷರ. ಒಳಗೆ ಐದು ಸಂಕೇತ, ಹದಿನೈದು ಬೈಟು.

ಯುಟಿಎಫ್-8ರ ಜಾಣತನವೆಲ್ಲ ತಲೆ ಬೈಟು ಮತ್ತು ಬಾಲದ ಬೈಟುಗಳನ್ನು ಬೇರೆಯಾಗಿ ಇಟ್ಟಿರುವುದರಲ್ಲಿದೆ. `E0` ಕಂಡರೆ ಹಿಂದೆ ಇನ್ನೆರಡು ಬೈಟು ಬರಬೇಕು ಎಂದು ಅರ್ಥ. ಬಾಲದ ಬೈಟುಗಳು `80`ರಿಂದ `BF`ವರೆಗೆ ಮಾತ್ರ, ತಲೆ ಬೈಟು ಆ ಗುಂಪಿನಲ್ಲಿ ಎಂದೂ ಇರುವುದಿಲ್ಲ. ಹಾಗಾಗಿ ಫೈಲಿನ ನಡುಮಧ್ಯೆ ಎಲ್ಲೇ ಕೈಯಿಟ್ಟರೂ, ಹೆಚ್ಚೆಂದರೆ ಮೂರು ಹೆಜ್ಜೆ ಹಿಂದೆ ಹೋದರೆ ಅಕ್ಷರದ ತಲೆ ಸಿಗುತ್ತದೆ. 1992ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಊಟಕ್ಕೆ ಕೂತಾಗ, ತಟ್ಟೆಯ ಕೆಳಗಿನ ಕಾಗದದ ಹಾಸಿನ ಮೇಲೆ ಥಾಂಪ್ಸನ್ ಈ ವಿನ್ಯಾಸ ಬರೆದರು. ಆಗ ಚರ್ಚೆಯಲ್ಲಿದ್ದ ಇನ್ನೊಂದು ಯೋಜನೆಗೆ ಹೀಗೆ ನಡುವಿನಿಂದ ದಾರಿ ಹಿಡಿಯುವ ಗುಣ ಇರಲಿಲ್ಲ. ಅದು ಬೇಕೇಬೇಕು ಎಂಬುದು ಅವರಿಬ್ಬರ ಹಟವಾಗಿತ್ತು. ಈ ಗುಣದಿಂದಾಗಿಯೇ ಒಂದು ಬೈಟು ಕೆಟ್ಟರೆ ಒಂದು ಅಕ್ಷರ ಮಾತ್ರ ಕೆಡುತ್ತದೆ. ಅದರ ಮುಂದಿನ ಅಕ್ಷರದಿಂದ ಮತ್ತೆ ಓದಬಹುದು. ಕೆಟ್ಟದ್ದು ಇಂಥದ್ದೇ ಬೈಟು ಎಂದು ಬೆರಳಿಟ್ಟು ತೋರಿಸಲೂಬಹುದು.

ಈಗ 3004ರ ವಿಷಯ. ಫೈಲನ್ನು ಸಾಲು ಸಾಲಾಗಿ ಓದಿ ಎಂದಾಗ ಪೈಥಾನ್ ನಿಜಕ್ಕೂ ಸಾಲು ಸಾಲಾಗಿ ಓದುವುದಿಲ್ಲ. ಒಂದು ಸಲಕ್ಕೆ 8192 ಬೈಟುಗಳ ಒಂದು ತುಂಡನ್ನು ಎತ್ತಿಕೊಂಡು, ಅದನ್ನು ಅಕ್ಷರಗಳಾಗಿ ಬಿಡಿಸಿ, ಆಮೇಲೆ ಸಾಲುಗಳಾಗಿ ನಮಗೆ ಕೊಡುತ್ತದೆ. ದೋಷ ಸಿಕ್ಕಾಗ ಹೇಳುವ ಸ್ಥಾನ ಆ ತುಂಡಿನೊಳಗಿನ ಸ್ಥಾನ. ಮೂರು ತುಂಡು ಮುಗಿದಿದ್ದವು, ಅಂದರೆ 24576 ಬೈಟು. ನಾಲ್ಕನೆಯದರಲ್ಲಿ ದೋಷ. ಹಾಗಾದರೆ 24576ಕ್ಕೆ 3004 ಕೂಡಿಸಿದರೆ 27580. ಅಲ್ಲಿಗೆ ಹೋದರೆ ಎರಡು ಬೈಟು ಮುಂದೆ ಹೋದಂತಾಗುತ್ತದೆ! ಕಾರಣ ಕನ್ನಡದ ಮೂರು ಬೈಟಿನ ಅಳತೆ. ತುಂಡಿನ ಕೊನೆ ಅಕ್ಷರದ ಗಡಿಗೇ ಬಂದು ನಿಲ್ಲಬೇಕೆಂದೇನೂ ಇಲ್ಲ. ಮೂರನೇ ತುಂಡಿನ ಕೊನೆಯಲ್ಲಿ ಒಂದು ಅಕ್ಷರದ ಎರಡು ಬೈಟು ಮಾತ್ರ ಬಂದು, ಮೂರನೆಯದು ಮುಂದಿನ ತುಂಡಿನಲ್ಲಿ ಉಳಿದಿತ್ತು. ಇದು ದೋಷವಲ್ಲ. ಪೈಥಾನ್ ಆ ಎರಡು ಬೈಟನ್ನು ಕೈಯಲ್ಲಿ ಹಿಡಿದುಕೊಂಡು ಮುಂದಿನ ತುಂಡಿನ ತಲೆಗೆ ಜೋಡಿಸಿ ಓದುತ್ತದೆ. ಆದ್ದರಿಂದ ನಾಲ್ಕನೆಯ ಎಣಿಕೆ ಶುರುವಾದದ್ದು 24574ರಿಂದ. ಅದಕ್ಕೆ 3004 ಸೇರಿದರೆ 27578.

327ನೇ ಸಾಲಿನ ಮೋಸಕ್ಕೂ ಇದೇ ಕಾರಣ. ನಾಲ್ಕನೇ ತುಂಡನ್ನು ಪೂರ್ತಿ ಬಿಡಿಸಿದ ಮೇಲೆಯೇ ಅದರೊಳಗಿನ ಸಾಲುಗಳು ಹೊರಗೆ ಬರಬೇಕು. ಬಿಡಿಸುವಾಗಲೇ ಎಡವಿದ್ದರಿಂದ ಅದರಲ್ಲಿದ್ದ ಒಳ್ಳೆಯ ನಲವತ್ತು ಸಾಲುಗಳೂ ಹೊರಬರಲಿಲ್ಲ. ಕೊನೆಗೆ ಸರಿಯಾಗಿ ಬಂದ ಸಾಲಿನ ಮರುಸಾಲನ್ನು ಹಿಡಿದು ಕೂರುವವರು ಬಹಳ ಮಂದಿ. ನಾನೂ ಅದನ್ನೇ ಮಾಡಿ ಅರ್ಧ ದಿನ ಕಳೆದೆ.

ಈ ಲೆಕ್ಕಾಚಾರವನ್ನು ಪ್ರತಿಸಲ ಕೈಯಲ್ಲಿ ಮಾಡಬೇಕಿಲ್ಲ. ಫೈಲನ್ನು ಪಠ್ಯವೆಂದು ತೆರೆಯದೆ ಬರೀ ಬೈಟುಗಳೆಂದು ತೆರೆದು, ಬಿಡಿಸುವ ಕೆಲಸವನ್ನು ನಾವೇ ಸಾಲಿಗೊಂದು ಸಲ ಮಾಡಿದರೆ ತುಂಡಿನ ಗೋಜೇ ಇರುವುದಿಲ್ಲ. ಸಾಲಿನ ಕೊನೆಯನ್ನು ಸೂಚಿಸುವ `0A` ಎಂಬ ಬೈಟು ಯಾವ ಕನ್ನಡ ಅಕ್ಷರದ ಒಳಗೂ ಬರುವುದಿಲ್ಲವಾದ್ದರಿಂದ, ಬೈಟುಗಳ ಮಟ್ಟದಲ್ಲಿ ಸಾಲು ಕತ್ತರಿಸುವುದು ಪೂರ್ತಿ ಸುರಕ್ಷಿತ. ನಾನು ಬಳಸುವುದು ಇಷ್ಟು:

```
offset = 0
with open("sadasyaru.csv", "rb") as f:
    for n, line in enumerate(f, 1):
        try:
            line.decode("utf-8")
        except UnicodeDecodeError as e:
            bad = line[e.start:e.end].hex(" ")
            print(n, offset + e.start, bad, e.reason)
        offset += len(line)
```

`"rb"` ಎಂಬಲ್ಲಿರುವ `b` ಅಕ್ಷರವೇ ಇದರ ಜೀವ. ಓದಿ ಮುಗಿಸಿದ ಸಾಲುಗಳ ಒಟ್ಟು ಬೈಟುಗಳು `offset`ನಲ್ಲಿ ಕೂಡುತ್ತ ಹೋಗುತ್ತವೆ. ಸಾಲಿನೊಳಗಿನ ಸ್ಥಾನವನ್ನು ಅದಕ್ಕೆ ಸೇರಿಸಿದರೆ ಇಡೀ ಫೈಲಿನ ಲೆಕ್ಕದ ಸ್ಥಾನ. ಎಣಿಕೆ ಸೊನ್ನೆಯಿಂದ, ಮೊದಲ ಬೈಟಿನ ಸ್ಥಾನ 0. ಒಂದು ಸಾಲಿನಲ್ಲಿ ಎರಡು ದೋಷವಿದ್ದರೆ ಮೊದಲನೆಯದನ್ನು ಮಾತ್ರ ಹೇಳುತ್ತದೆ, ಅದನ್ನು ಸರಿಪಡಿಸಿ ಮತ್ತೊಮ್ಮೆ ಓಡಿಸಬೇಕು. ನನ್ನ ಫೈಲಿಗೆ ಬಂದ ಮೊದಲ ಉತ್ತರ:

```
368 27578 e0 b3 invalid continuation byte
```

ಪ್ರೋಗ್ರಾಮ್ ಬರೆಯುವ ಅಭ್ಯಾಸವಿಲ್ಲದವರಿಗೆ ಲಿನಕ್ಸಿನಲ್ಲಿ ಒಂದೇ ಸಾಲಿನ ಆಜ್ಞೆಯೂ ಇದೆ:

```
LC_ALL=C.UTF-8 grep -naxvb '.*' sadasyaru.csv
```

ಅಕ್ಷರಗಳಿಂದಲೇ ಕೂಡಿದ ಸಾಲುಗಳನ್ನು ಬಿಟ್ಟು, ಉಳಿದವನ್ನು ಮಾತ್ರ ತೋರಿಸು ಎಂಬುದು ಇದರ ತಾತ್ಪರ್ಯ. ಕೆಟ್ಟ ಬೈಟು ಅಕ್ಷರವೆನಿಸುವುದಿಲ್ಲವಾದ್ದರಿಂದ ಅದಿರುವ ಸಾಲು ಹೊರಗೆ ಬೀಳುತ್ತದೆ. ಉತ್ತರ `368:27544:` ಎಂದು ಶುರುವಾಗುತ್ತದೆ. ಗಮನಿಸಿ, 27544 ಎಂಬುದು ಆ ಸಾಲು ಶುರುವಾಗುವ ಬೈಟು, ದೋಷದ ಬೈಟಲ್ಲ. ದೋಷ ಅಲ್ಲಿಂದ 34 ಬೈಟು ಮುಂದಿದೆ.

ಈ 34ನ್ನು ಎಡಿಟರಿನಲ್ಲಿ ಕಣ್ಣಿನಿಂದ ಎಣಿಸಲು ಹೋಗಬೇಡಿ. ಸಾಲಿನಲ್ಲಿದ್ದದ್ದು `367,` ಎಂಬ ನಾಲ್ಕು ಬೈಟು, ಆಮೇಲೆ ‘ಮಲ್ಲಿಕಾರ್ಜ’. (ಸಾಲು, ಬೈಟುಗಳ ಲೆಕ್ಕ ಇದ್ದದ್ದು ಇದ್ದ ಹಾಗೇ ಇದೆ, ವ್ಯಕ್ತಿಯ ಹೆಸರನ್ನು ಮಾತ್ರ ಅಷ್ಟೇ ಉದ್ದದ ಬೇರೆ ಹೆಸರಿಗೆ ಬದಲಿಸಿದ್ದೇನೆ.) ಕಣ್ಣಿಗೆ ಅಲ್ಲಿ ಮ, ಲ್ಲಿ, ಕಾ, ರ್ಜ ಎಂಬ ನಾಲ್ಕು ಅಕ್ಷರ. ಅಂಕಿ, ಅಲ್ಪವಿರಾಮ ಸೇರಿದರೆ ಎಂಟು. ಸಂಕೇತಗಳನ್ನು ಎಣಿಸುವ ಎಡಿಟರು ಹದಿನಾಲ್ಕು ಎನ್ನುತ್ತದೆ. ಬೈಟು ಮೂವತ್ನಾಲ್ಕು. ಮೂರೂ ಸರಿಯೇ, ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟುಕೊಂಡರೆ ದಾರಿ ತಪ್ಪುತ್ತದೆ.

ಇನ್ನೊಂದು ಮುಖ್ಯ ಎಚ್ಚರಿಕೆ. ದೋಷವಿರುವ ಫೈಲನ್ನು ಎಡಿಟರಿನಲ್ಲಿ ತೆರೆದು ಹಾಗೇ ಸೇವ್ ಮಾಡಬಾರದು. ಅರ್ಥವಾಗದ ಬೈಟಿನ ಜಾಗಕ್ಕೆ ಅನೇಕ ಎಡಿಟರುಗಳು � ಎಂಬ ಚಿಹ್ನೆ ಹಾಕುತ್ತವೆ. ಸೇವ್ ಮಾಡಿದಾಗ ಆ ಚಿಹ್ನೆಯೇ `EF BF BD` ಎಂಬ ಮೂರು ಬೈಟಾಗಿ ಫೈಲಿಗೆ ಸೇರುತ್ತದೆ. ಆಮೇಲೆ ಫೈಲು ನಿಯಮಬದ್ಧ ಯುಟಿಎಫ್-8, ಯಾವ ಸಾಧನವೂ ದೂರು ಹೇಳುವುದಿಲ್ಲ. ಅಲ್ಲಿ ಮೊದಲು ಏನಿತ್ತು ಎಂಬ ಸಾಕ್ಷಿ ಮಾತ್ರ ಅಳಿಸಿಹೋಗಿರುತ್ತದೆ. ಮೊದಲು ಪ್ರತಿ ತೆಗೆದಿಡಿ, ಆಮೇಲೆ ಹೆಕ್ಸ್ ರೂಪದಲ್ಲಿ ನೋಡಿ:

```
$ xxd -s 27569 -l 16 sadasyaru.csv
00006bb1: e0b2 b0e0 b38d e0b2 9ce0 b32c e0b2 b9e0  ...........,....
```

`-s` ಅಂದರೆ ಎಲ್ಲಿಂದ, `-l` ಅಂದರೆ ಎಷ್ಟು ಬೈಟು. ದೋಷಕ್ಕಿಂತ ಒಂಬತ್ತು ಬೈಟು ಹಿಂದಿನಿಂದ ನೋಡುತ್ತಿದ್ದೇನೆ. ಎಡಗಡೆಯ `6bb1` ಎಂಬುದು 27569ನ್ನೇ ಹದಿನಾರರ ಲೆಕ್ಕದಲ್ಲಿ ಬರೆದದ್ದು. ಈಗ ಮೂರು ಮೂರಾಗಿ ಬಿಡಿಸಿ ಓದೋಣ. `e0 b2 b0`, ‘ರ’. `e0 b3 8d`, ವಿರಾಮ. `e0 b2 9c`, ‘ಜ’. ಇಲ್ಲಿಯವರೆಗೆ ತಾಳ ತಪ್ಪಿಲ್ಲ. ಮುಂದೆ `e0 b3`, ಆಮೇಲೆ `2c`. ಮೂರನೆಯ ಬೈಟು ಬರಬೇಕಾದಲ್ಲಿ ಅಲ್ಪವಿರಾಮ ಬಂದು ಕೂತಿದೆ. ಅದರ ಹಿಂದೆ `e0 b2 b9`, ಊರಿನ ಹೆಸರಿನ ‘ಹ’. ಮತ್ತೆ ತಾಳ ಕೂಡಿತು.

ಪೈಥಾನ್ ದೂರಿದ್ದು `e0 b3`ರ ಮೇಲೆ, 27578 ಮತ್ತು 27579ರ ಮೇಲೆ. ಅವುಗಳ ತಪ್ಪೇನೂ ಇಲ್ಲ. ಅವು ಬಂದ ಜಾಗಕ್ಕೆ ಸರಿಯಾಗಿಯೇ ಬಂದಿವೆ, ಜೊತೆಗಾರ ಬರಲಿಲ್ಲ. ಬಾಲದ ಬೈಟು ಸರಿಯಿಲ್ಲ ಎಂಬ ದೂರಿನಲ್ಲಿ ಸ್ಥಾನ ಯಾವಾಗಲೂ ಅಪೂರ್ಣ ಅಕ್ಷರದ ತಲೆಯದ್ದು. ಓದು ನಿಜಕ್ಕೂ ಮುರಿದದ್ದು ಅದರ ಮುಂದೆ, 27580ರಲ್ಲಿ. ಅಲ್ಲಿ ಇಲ್ಲದೆ ಹೋದದ್ದೇ ದೋಷ.

ಹೆಸರು ‘ಮಲ್ಲಿಕಾರ್ಜುನ’ ಆಗಬೇಕಿತ್ತು. ಹನ್ನೆರಡು ಸಂಕೇತ, 36 ಬೈಟು. ಉಳಿದದ್ದು ‘ಮಲ್ಲಿಕಾರ್ಜ’ ಎಂಬ ಹತ್ತು ಸಂಕೇತದ 30 ಬೈಟು ಮತ್ತು ‘ಜು’ವಿನ ಕೊಂಬಿನ, ಅಂದರೆ `e0 b3 81`ರ, ಮೊದಲೆರಡು. ಒಟ್ಟು 32. ಈ 32 ಕಂಡಾಗ ಕಾರಣ ಹೊಳೆಯಿತು. ಫೈಲು ತೆಗೆದ ಪ್ರೋಗ್ರಾಮ್ ಹೆಸರಿನ ಕಾಲಮ್ಮಿಗೆ 32 ಎಂದು ಅಳತೆ ಇಟ್ಟು, ಅಕ್ಷರವನ್ನು ನೋಡದೆ ಬೈಟಿಗೇ ಕತ್ತರಿ ಹಾಕಿತ್ತು. ಇಂಗ್ಲಿಷ್ ಹೆಸರಾಗಿದ್ದರೆ ಮೂವತ್ತೆರಡು ಅಕ್ಷರ ಹಿಡಿಸುತ್ತಿತ್ತು. ಕನ್ನಡದ ಹತ್ತು ಸಂಕೇತಕ್ಕೆ ಜಾಗ ಮುಗಿಯಿತು. ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದೆ. “ನಮ್ಮ ಹಳೇ ಕಂಪ್ಯೂಟರಿನ್ಯಾಗ ಹೆಸರು ಪೂರಾ ಐತಲ್ರೀ” ಎಂದರು. ಸರಿ, ಮೂಲದಲ್ಲಿ ಕೆಟ್ಟಿಲ್ಲ, ಹೊರತೆಗೆಯುವಾಗ ಕೆಟ್ಟಿದೆ. ಕತ್ತರಿ ಹಾಕುವ ಮುನ್ನ ಮುಂದಿನ ಬೈಟು `80`ರಿಂದ `BF`ವರೆಗಿನದೇ ಎಂದು ನೋಡಿ, ಹೌದಾದರೆ ತಲೆ ಬೈಟು ಸಿಗುವವರೆಗೆ ಹಿಂದೆ ಸರಿದಿದ್ದರೆ ಅರ್ಧ ಅಕ್ಷರ ಉಳಿಯುತ್ತಿರಲಿಲ್ಲ.

ಇಡೀ ಫೈಲಿನಲ್ಲಿ ಹನ್ನೊಂದು ದೋಷ ಸಿಕ್ಕವು. ಒಂಬತ್ತು ಹೀಗೆ ಕತ್ತರಿಸಿದ ಹೆಸರುಗಳು. ಉಳಿದೆರಡು ಬೇರೆ ಜಾತಿಯವು. ಅಲ್ಲಿ ಕೆಟ್ಟ ಬೈಟು `96`, ಕಾರಣ `invalid start byte`. ಅಂದರೆ ತಲೆಯಿಲ್ಲದೆ ಒಂಟಿಯಾಗಿ ನಿಂತ ಬಾಲ. ಇಂಥ ದೋಷದಲ್ಲಿ ತೋರಿಸಿದ ಬೈಟೇ ತಪ್ಪಿತಸ್ಥ, ಹುಡುಕಾಟ ಅಲ್ಲಿಗೇ ಮುಗಿಯುತ್ತದೆ. ಎರಡೂ ಮನೆ ನಂಬರಿನ ಕಾಲಮ್ಮಿನಲ್ಲಿದ್ದವು. ಹನ್ನೆರಡು, ಆಮೇಲೆ `96`, ಆಮೇಲೆ ಹದಿನಾಲ್ಕು. ವಿಂಡೋಸಿನ ಹಳೆಯ 1252 ಸಂಕೇತಪಟ್ಟಿಯಲ್ಲಿ `96` ಅಂದರೆ ಉದ್ದ ಅಡ್ಡಗೆರೆ. ಯಾರೋ ವರ್ಡಿನಿಂದ ತಂದು ಅಂಟಿಸಿದ್ದರು. ಅದನ್ನು `E2 80 93` ಎಂದು ಬದಲಿಸಿದರೆ ಯುಟಿಎಫ್-8ರಲ್ಲಿ ಅದೇ ಗೆರೆ. ಇದೇ ಪಟ್ಟಿಯ `92`, `93`, `94` ಎಂಬ ಬಾಗಿದ ಉದ್ಧರಣ ಚಿಹ್ನೆಗಳೂ ಹೀಗೇ ಸಿಕ್ಕಿಬೀಳುತ್ತವೆ. ದೋಷದ ಬೈಟುಗಳನ್ನು ಬಿಟ್ಟು ಓದು ಎಂದು ಹೇಳುವ `errors="ignore"` ಎಂಬ ಅಡ್ಡದಾರಿಯನ್ನು ಹಲವರು ಸೂಚಿಸುತ್ತಾರೆ. ಹಾಗೆ ಮಾಡಿದ್ದರೆ 12–14 ಎಂಬ ಮನೆ 1214 ಆಗುತ್ತಿತ್ತು, ಯಾರಿಗೂ ತಿಳಿಯುತ್ತಲೂ ಇರಲಿಲ್ಲ.

ದೋಷ ಸಿಕ್ಕ ಸ್ಥಾನವೇ ಕೆಲವು ಸಲ ಇಡೀ ಕಥೆ ಹೇಳಿಬಿಡುತ್ತದೆ. ಸ್ಥಾನ 1, ಬೈಟು `8b` ಎಂದು ಬಂದರೆ ಅದು ಪಠ್ಯವೇ ಅಲ್ಲ, ಜಿಜಿಪ್ ಮಾಡಿ ಒತ್ತಿದ ಫೈಲು. ಅಂಥ ಫೈಲುಗಳು `1f 8b` ಎಂದೇ ಶುರುವಾಗುತ್ತವೆ. ನಮ್ಮ ಕಚೇರಿಗಳಲ್ಲಿ ಇನ್ನೂ ಸಿಗುವ ಹಳೆಯ ನುಡಿ ಫಾಂಟಿನ ಫೈಲುಗಳಲ್ಲೂ ಹೀಗೇ. ಅಲ್ಲಿ ‘ಕನ್ನಡ’ ಎಂಬುದು `50 C0 A3 C0 DF 71 C0` ಎಂದಿರುತ್ತದೆ. `C0` ಎಂಬ ಬೈಟಿಗೆ ಯುಟಿಎಫ್-8ರಲ್ಲಿ ಎಲ್ಲೂ ಜಾಗವಿಲ್ಲ, ಹಾಗಾಗಿ ಎರಡನೇ ಬೈಟಿಗೇ ಮುಗ್ಗರಿಸುತ್ತದೆ. ಅದನ್ನು ಒಂದೊಂದೇ ಬೈಟಾಗಿ ತಿದ್ದಲು ಕೂರಬಾರದು, ಪೂರ್ತಿ ಫೈಲನ್ನೇ ಯುನಿಕೋಡಿಗೆ ಪರಿವರ್ತಿಸಬೇಕು. ಅದೇ ನುಡಿ ಪಠ್ಯವನ್ನು ನಕಲು ಮಾಡಿ ಬೇರೆಡೆ ಅಂಟಿಸಿ ಯುಟಿಎಫ್-8 ಎಂದು ಸೇವ್ ಮಾಡಿದ್ದರೆ ಮಾತ್ರ `PÀ£ÀßqÀ` ಎಂಬುದು ಲ್ಯಾಟಿನ್ ಅಕ್ಷರಗಳ ಸರಿಯಾದ ಯುಟಿಎಫ್-8 ಆಗಿಬಿಡುತ್ತದೆ. ಯಾವ ಸ್ಥಾನದಲ್ಲೂ ದೋಷ ಸಿಗುವುದಿಲ್ಲ.

ನನ್ನನ್ನು ಕಾಡಿದ್ದೂ ಇಂಥ ಸಿಗದ ದೋಷವೇ. ಹನ್ನೊಂದನ್ನೂ ಸರಿಪಡಿಸಿದೆ, ಫೈಲು ಪೂರ್ತಿ ಓದಿತು. ಆದರೆ 32ರ ಕತ್ತರಿ ಒಂಬತ್ತೇ ಹೆಸರನ್ನು ಕತ್ತರಿಸಿರಲು ಹೇಗೆ ಸಾಧ್ಯ? ಲೆಕ್ಕ ಹಾಕಿ ನೋಡಿದೆ. ಬರೀ ಕನ್ನಡದ ಉದ್ದ ಹೆಸರಾದರೆ 32ರಲ್ಲಿ ಹತ್ತು ಸಂಕೇತ ಹೋಗಿ ಎರಡು ಬೈಟು ಉಳಿಯುತ್ತದೆ, ಅದು ಸಿಕ್ಕಿಬೀಳುತ್ತದೆ. ನಡುವೆ ಒಂದು ಖಾಲಿ ಜಾಗವಿದ್ದರೆ ಒಂದು ಬೈಟು ಉಳಿಯುತ್ತದೆ, ಅದೂ ಸಿಕ್ಕಿಬೀಳುತ್ತದೆ. ಇನಿಷಿಯಲ್ ಇದ್ದು, ಒಂದು ಚುಕ್ಕಿ ಮತ್ತು ಒಂದು ಖಾಲಿ ಜಾಗ ಸೇರಿದರೆ? ಎರಡು ಬೈಟು ಅವಕ್ಕೆ, ಉಳಿದ ಮೂವತ್ತು ಸರಿಯಾಗಿ ಹತ್ತು ಸಂಕೇತಕ್ಕೆ. ಕತ್ತರಿ ಅಕ್ಷರದ ಗಡಿಯ ಮೇಲೇ ಬೀಳುತ್ತದೆ. ಹೆಸರು ಅರ್ಧವಾಗಿರುತ್ತದೆ, ಬೈಟುಗಳೆಲ್ಲ ಸರಿಯಾಗಿರುತ್ತವೆ.

ಹಾಗಾಗಿ ಹುಡುಕುವ ಪ್ರಶ್ನೆಯನ್ನೇ ಬದಲಿಸಿದೆ. ಎಲ್ಲಿ ದೋಷವಿದೆ ಎಂದು ಕೇಳುವುದನ್ನು ಬಿಟ್ಟು, ಹೆಸರಿನ ಕಾಲಮ್ ಸರಿಯಾಗಿ 32 ಬೈಟು ಇರುವ ಸಾಲುಗಳು ಯಾವುವು ಎಂದು ಕೇಳಿದೆ. ದೋಷವಿದ್ದ ಒಂಬತ್ತರ ಜೊತೆಗೆ ಇನ್ನೂ ಆರು ಬಂದವು. ಅವುಗಳಲ್ಲಿ ಎರಡು ನಿಜವಾಗಿಯೂ ಅಷ್ಟೇ ಉದ್ದದ ಪೂರ್ಣ ಹೆಸರುಗಳು. ಅದನ್ನು ಬೈಟು ನೋಡಿ ಹೇಳಲಾಗದು, ಊರವರೇ ಹೇಳಬೇಕು. ಆರನ್ನೂ ಫೋನಿನಲ್ಲಿ ಒಂದೊಂದಾಗಿ ಓದಿದೆ. ಐದನೆಯದು ‘ಎಸ್. ಮಲ್ಲಿಕಾ’. ಇದು ಪೂರ್ಣ ಹೆಸರೇ ಇರಬೇಕು ಎಂದುಕೊಂಡೇ ಓದಿದ್ದೆ. ಕಾರ್ಯದರ್ಶಿ ರಿಜಿಸ್ಟರಿನ ಹಾಳೆ ತಿರುಗಿಸುವ ಸದ್ದು ಕೇಳಿಸಿತು.

“ಆ ಹೆಸರಿನ ಹೆಣಮಗಳು ನಮ್ಮ ಸಂಘದಾಗ ಯಾರೂ ಇಲ್ರಿ” ಎಂದರು. “ಅದು ಎಸ್. ಮಲ್ಲಿಕಾರ್ಜುನ.”